ಅಂಜಿಕೆಯ ಮೆಟ್ಟಿಲ ಮೇಲೆ ಕಾಯುವುದು

ಕಲಬುರಗಿಯಲ್ಲಿ ರೋಜಾ ಎಂದರೆ ಎರಡು ಅರ್ಥ. ಒಂದು, ಖ್ವಾಜಾ ಬಂದೇ ನವಾಜರ ದರ್ಗಾದ ಸುತ್ತ ಬೆಳೆದ ಬಡಾವಣೆ. ಅರಬ್ಬಿಯ ‘ರೌಜಾ’, ಅಂದರೆ ಪುಣ್ಯಪುರುಷರ ಸಮಾಧಿ ಇರುವ ಜಾಗ, ಜನರ ಬಾಯಲ್ಲಿ ಸವೆದು ರೋಜಾ ಆಗಿದೆ. ಇನ್ನೊಂದು, ರಂಜಾನಿನ ಉಪವಾಸ. ಆ ಪದ ಫಾರಸಿಯದು. ‘ರೋಜ್’ ಎಂದರೆ ದಿನ. ಎರಡಕ್ಕೂ ಮೂಲದಲ್ಲಿ ಸಂಬಂಧವಿಲ್ಲ. ಆದರೂ ಈ ಓಣಿಯ ಒಬ್ಬ ಖಾಲಾ ತಮ್ಮ ವಿಮಾನದ ಅಂಜಿಕೆಯ ಜೊತೆ ಮೂರು ತಿಂಗಳು ಗುದ್ದಾಡಿ, ಕೊನೆಗೆ ಅದರ ಗುಟ್ಟನ್ನು ಹಿಡಿದದ್ದು ಉಪವಾಸದ ನೆನಪಿನಿಂದ. ಹಾಗಾಗಿ ನನ್ನ ಮನಸ್ಸಿನಲ್ಲಿ ಈ ಎರಡು ರೋಜಾಗಳು ಈಗ ಒಂದಕ್ಕೊಂದು ಅಂಟಿಕೊಂಡಿವೆ.

ಖಾಲಾ ಎಂದು ನಾನು ಕರೆಯುತ್ತಿರುವುದು ಒಬ್ಬರನ್ನಲ್ಲ. ಯಾರ ಗುರುತೂ ಸಿಗಬಾರದೆಂದು ಕೆಲವರ ಅಂಜಿಕೆಗಳನ್ನು ಸೇರಿಸಿ ಒಂದೇ ಮೈಗೆ ತೊಡಿಸಿದ್ದೇನೆ. ವಯಸ್ಸು ಐವತ್ತೆರಡು, ತವರು ಕಮಲಾಪುರ, ಕೊಟ್ಟ ಮನೆ ರೋಜಾ. ಹಜ್ ಯಾತ್ರೆಗೆ ಗಂಡ ಹೆಂಡತಿ ಇಬ್ಬರ ಹೆಸರೂ ಬಂದಿತ್ತು. ಮನೆಯವರೆಲ್ಲ ಸಿಹಿ ಹಂಚುತ್ತಿದ್ದರೆ ಇವರು ಒಳಮನೆಯಲ್ಲಿ ಕೂತು ಬೆವರುತ್ತಿದ್ದರು. ಮಾವನವರು ಹಿಂದೆ ಮುಂಬೈಯಿಂದ ಹಡಗಿನಲ್ಲಿ ಹೋಗಿಬಂದಿದ್ದರು. ಆ ಹಡಗಿನ ಯಾತ್ರೆ 1995ಕ್ಕೆ ನಿಂತಿತು. ಈಗ ಇಲ್ಲಿಂದ ಹೈದರಾಬಾದಿಗೆ ಹೋಗಿ ವಿಮಾನ ಹತ್ತಬೇಕು, ಐದಾರು ಗಂಟೆ ಆಕಾಶದಲ್ಲಿರಬೇಕು. ಬೇರೆ ದಾರಿ ಇಲ್ಲ.

ಚಿಕಿತ್ಸೆಗೆಂದು ನನ್ನ ಬಳಿ ಬಂದ ಮೊದಲ ದಿನ ನಾನು ಒಂದೇ ಪ್ರಶ್ನೆ ಕೇಳಿದೆ. “ವಿಮಾನದಾಗ ಏನು ಆಗತದ ಅಂತ ಅಂಜಿಕಿ ಖಾಲಾ?” ಬಿದ್ದೀತು ಎನ್ನುತ್ತಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದು ಬೇರೆ. “ಬಿದ್ದರ ಎಲ್ಲಾರೂ ಬೀಳತೀವಿ, ಅದು ಅಲ್ಲಾಹನ ಮರ್ಜಿ. ಆದರ ಬಾಗಲಾ ಹಾಕಿಬಿಡತಾರಲ್ರಿ. ಒಮ್ಮೆ ಹಾಕಿದರ ನಾ ಇಳೀತೀನಿ ಅಂದ್ರೂ ಇಳಸಂಗಿಲ್ಲ. ಎದಿ ಡಬಡಬ ಬಡಕೊಂಡು ಅಲ್ಲೇ ನಿಂತುಬಿಟ್ಟರ?”

ಚಿಕಿತ್ಸೆಯ ಅರ್ಧ ಕೆಲಸ ಈ ಉತ್ತರದಲ್ಲಿತ್ತು. ವಿಮಾನದ ಫೋಬಿಯಾ ಎಂದು ನಾವು ಒಂದೇ ಹೆಸರಿಟ್ಟರೂ ಒಳಗೆ ಬೇರೆ ಬೇರೆ ಅಂಜಿಕೆಗಳಿರುತ್ತವೆ. ಕೆಲವರಿಗೆ ಎತ್ತರದ್ದು, ಕೆಲವರಿಗೆ ಅಪಘಾತದ್ದು, ಹಲವರಿಗೆ ಖಾಲಾ ಅವರಂತೆ ಮುಚ್ಚಿದ ಬಾಗಿಲಿನದ್ದು ಮತ್ತು ತಮ್ಮದೇ ಎದೆಬಡಿತದ್ದು. ಬಾಗಿಲಿಗೆ ಅಂಜುವವರಿಗೆ ಅಪಘಾತದ ಲೆಕ್ಕ ಹೇಳಿ, ರಸ್ತೆಗಿಂತ ವಿಮಾನವೇ ಸುರಕ್ಷಿತ ಎಂದು ಎಷ್ಟು ವಿವರಿಸಿದರೂ ಅದು ಹೊಟ್ಟೆನೋವಿಗೆ ಹಣೆಗೆ ಪಟ್ಟು ಹಾಕಿದಂತೆ. ಎದೆಬಡಿತದ ಮಾತು ಬಂದದ್ದರಿಂದ ಮೊದಲು ವೈದ್ಯರ ಬಳಿ ಕಳಿಸಿ ಇಸಿಜಿ ಮಾಡಿಸಿದೆ. ಆ ವಯಸ್ಸಿನಲ್ಲಿ ಎದೆಯ ದೂರನ್ನು ಮನಸ್ಸಿನದೇ ಎಂದು ತಳ್ಳಿಹಾಕುವ ಹಕ್ಕು ನಮ್ಮ ಕಸುಬಿಗೆ ಇಲ್ಲ. ಹೃದಯ ಚೆನ್ನಾಗಿದೆ ಎಂಬ ಚೀಟಿ ಬಂದ ಮೇಲೇ ಮುಂದಿನ ಹೆಜ್ಜೆ.

ನಾವು ಹಿಡಿದ ದಾರಿಗೆ ಸಿಸ್ಟಮ್ಯಾಟಿಕ್ ಡಿಸೆನ್ಸಿಟೈಸೇಷನ್ ಎಂದು ಹೆಸರು. ಅದರ ಬೀಜ ಇರುವುದು 1924ರ ಒಂದು ವರದಿಯಲ್ಲಿ. ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬಾಕೆ ಪೀಟರ್ ಎಂಬ, ಇನ್ನೂ ಮೂರು ತುಂಬದ ಹುಡುಗನ ಮೊಲದ ಭಯವನ್ನು ಬಿಡಿಸಿದಳು. ಮೊದಮೊದಲು ಪಂಜರದೊಳಗಿನ ಮೊಲ ಕೋಣೆಯ ಯಾವ ಮೂಲೆಯಲ್ಲಿದ್ದರೂ ಹುಡುಗ ಹೆದರುತ್ತಿದ್ದ. ಮುಂದೆ ಅದು ಹನ್ನೆರಡು ಅಡಿ ದೂರದಲ್ಲಿದ್ದರೆ ಸಹಿಸಿದ, ಆಮೇಲೆ ನಾಲ್ಕು ಅಡಿ, ಮೂರು ಅಡಿ. ಅವನು ತನಗಿಷ್ಟವಾದದ್ದನ್ನು ತಿನ್ನುತ್ತಾ ಕೂತಿರುವಾಗ ಪಂಜರ ಸ್ವಲ್ಪ ಸ್ವಲ್ಪವೇ ಹತ್ತಿರ ಬರುತ್ತಿತ್ತು. ಕೊನೆಗೆ ಆ ಮೊಲ ಅವನ ಬೆರಳನ್ನು ಮೆಲ್ಲಗೆ ಕಚ್ಚಿದರೂ ಅವನು ಕೈ ಎಳೆದುಕೊಳ್ಳಲಿಲ್ಲ. ಈ ಬೀಜವನ್ನು ಪೂರ್ಣ ಚಿಕಿತ್ಸೆಯಾಗಿ ಬೆಳೆಸಿದವರು ದಕ್ಷಿಣ ಆಫ್ರಿಕಾದ ವೈದ್ಯ ಜೋಸೆಫ್ ವೋಲ್ಪೆ. ಅವರ ಪುಸ್ತಕ ಬಂದದ್ದು 1958ರಲ್ಲಿ. ಸಡಿಲವಾದ ಮೈ ಮತ್ತು ಭಯ ಒಂದೇ ಹೊತ್ತಿಗೆ ಒಂದೇ ಒಡಲಲ್ಲಿ ಇರಲಾರವು, ಆದ್ದರಿಂದ ಮೈಯನ್ನು ಸಡಿಲವಾಗಿ ಇಟ್ಟುಕೊಂಡೇ ಭಯದ ವಸ್ತುವನ್ನು ಚೂರು ಚೂರೇ ಹತ್ತಿರ ತನ್ನಿ ಎಂಬುದು ಅವರ ವಾದ.

ಹಾಗಾಗಿ ಮೊದಲ ಎರಡು ವಾರ ವಿಮಾನದ ಮಾತೇ ಇಲ್ಲ. ಬರೀ ಮೈ ಸಡಿಲ ಬಿಡುವ ಪಾಠ. ಬಲಗೈ ಮುಷ್ಟಿಯನ್ನು ಐದಾರು ಸೆಕೆಂಡು ಬಿಗಿಹಿಡಿ, ತಟ್ಟನೆ ಬಿಡು, ಬಿಟ್ಟ ಮೇಲೆ ಅರ್ಧ ನಿಮಿಷ ಆ ಕೈ ಹೇಗಿದೆ ಎಂದು ಗಮನಿಸು. ಆಮೇಲೆ ತೋಳು, ಹಣೆ, ದವಡೆ, ಹೆಗಲು, ಹೊಟ್ಟೆ, ತೊಡೆ, ಮೀನಖಂಡ, ಪಾದ. ದಿನಕ್ಕೆ ಎರಡು ಸಲ, ಒಂದೊಂದು ಸಲ ಹದಿನೈದು ಇಪ್ಪತ್ತು ನಿಮಿಷ. ಬಿಗಿ ಹಿಡಿಯುವುದು ಯಾಕೆಂದರೆ, ಬಿಗಿ ಗೊತ್ತಾಗದೆ ಸಡಿಲ ಗೊತ್ತಾಗುವುದಿಲ್ಲ. ಖಾಲಾ ದವಡೆಯನ್ನು ಎಷ್ಟೋ ವರ್ಷದಿಂದ ಕಚ್ಚಿಹಿಡಿದೇ ಬದುಕಿದ್ದರು. ಅದು ಅವರ ಗಮನಕ್ಕೆ ಬಂದದ್ದು ಆ ವಾರವೇ.

ಇದರ ಜೊತೆಗೇ ಅಳತೆಗೋಲು ಬೇಕು. ವೋಲ್ಪೆಯವರ ಅಳತೆ ಸೊನ್ನೆಯಿಂದ ನೂರರವರೆಗೆ. ಖಾಲಾಗೆ ನೂರರ ಲೆಕ್ಕ ಒಗ್ಗಲಿಲ್ಲ. “ಆಣೆದಾಗ ಹೇಳಲಾ?” ಎಂದರು. ಸರಿಯೆಂದೆ. ಹದಿನಾರಾಣೆ ಅಂಜಿಕೆ ಎಂದರೆ ಪೂರಾ ರೂಪಾಯಿ, ಇನ್ನು ತಡೆಯಲಾರೆ ಎನ್ನುವಷ್ಟು. ಎಂಟಾಣೆ ಎಂದರೆ ಬೆವರು ಬರುತ್ತದೆ, ಆದರೂ ಕೂರಬಲ್ಲೆ. ಎರಡಾಣೆ ಎಂದರೆ ಮನಸ್ಸಿನ ಮೂಲೆಯಲ್ಲೊಂದು ಕಸಿವಿಸಿ. ಪುಸ್ತಕದ ಅಳತೆಗಿಂತ ಇದೇ ಒಳ್ಳೆಯದೆಂದು ನನಗೆ ಅನ್ನಿಸಿತು. ಅಂಜಿಕೆಗೆ ಬೆಲೆ ಕಟ್ಟಲು ಶುರುಮಾಡಿದ ದಿನ ಮನುಷ್ಯ ಅದರ ಒಳಗಿನಿಂದ ಒಂದು ಹೆಜ್ಜೆ ಹೊರಗೆ ಬಂದು ನಿಲ್ಲುತ್ತಾನೆ.

ಆಮೇಲೆ ಏಣಿ ಕಟ್ಟಿದೆವು. ಏಣಿ ರೋಗಿಯದಾಗಿರಬೇಕು, ಚಿಕಿತ್ಸಕನದಲ್ಲ. ನಾನಾಗಿದ್ದರೆ ಮನೆಯ ಕುರ್ಚಿಯನ್ನು ಕೆಳಗಿಟ್ಟು ಹೈದರಾಬಾದಿನ ನಿಲ್ದಾಣವನ್ನು ಮೇಲಿಡುತ್ತಿದ್ದೆ. ಅವರದು ಉಲ್ಟಾ. ಮನೆಯ ಕುರ್ಚಿಯಲ್ಲಿ ನಡುವಿಗೆ ಬೆಲ್ಟು ಕಟ್ಟಿಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ವಿಮಾನದ ಬಾಗಿಲು ಹಾಕುವ ವಿಡಿಯೊ ನೋಡುವುದಕ್ಕೆ ಹನ್ನೆರಡಾಣೆ ಕೊಟ್ಟರು. ನಿಲ್ದಾಣದ ಹೊರಗೆ ನಿಲ್ಲುವುದಕ್ಕೆ ಹತ್ತೇ ಆಣೆ. ನಿಲ್ದಾಣದಿಂದ ತಿರುಗಿ ಬರಬಹುದಲ್ಲ ಎಂಬುದು ಅವರ ಲೆಕ್ಕ. ಕೆಳಗಿನ ಮೆಟ್ಟಿಲುಗಳು ಹೀಗಿದ್ದವು: ನೆಂಟರ ಹಜ್ ಫೋಟೊಗಳಲ್ಲಿ ವಿಮಾನ ನೋಡುವುದು ಒಂದಾಣೆ, ಮೊಬೈಲಿನಲ್ಲಿ ಎಂಜಿನ್ ಸದ್ದು ಕೇಳುವುದು ಎರಡಾಣೆ, ಸೇಡಂ ರಸ್ತೆಯಲ್ಲಿ ಶ್ರೀನಿವಾಸ ಸರಡಗಿಯ ಬಳಿ, 2019ರ ನವೆಂಬರ್ 22ರಂದು ಶುರುವಾದ ನಮ್ಮ ಕಲಬುರಗಿ ವಿಮಾನ ನಿಲ್ದಾಣದ ಬೇಲಿಯಾಚೆ ನಿಂತು ರನ್‌ವೇ ನೋಡುವುದು ನಾಲ್ಕಾಣೆ, ಲಿಫ್ಟಿನೊಳಗೆ ಬಾಗಿಲು ಮುಚ್ಚಿಕೊಳ್ಳುವುದು ಆರಾಣೆ, ಕಿಟಕಿ ತೆರೆಯಲಾಗದ ಎ.ಸಿ. ಬಸ್ಸು ಎಂಟಾಣೆ. ಮೇಲೆ, ವಿಮಾನದ ನಿಜವಾದ ಬಾಗಿಲು ಹದಿನಾಲ್ಕಾಣೆ, ನೆಲ ಬಿಟ್ಟು ಏಳುವುದು ಹದಿನೈದು, ಸಮುದ್ರದ ಮೇಲಿನ ಐದಾರು ಗಂಟೆ ಪೂರಾ ಹದಿನಾರು. ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ಎರಡಾಣೆಗಿಂತ ಹೆಚ್ಚು ಅಂತರ ಇರಬಾರದು. ಇದ್ದರೆ ನಡುವೆ ಇನ್ನೊಂದು ಮೆಟ್ಟಿಲು ಕೂರಿಸಬೇಕು.

ಮೊದಲ ಹತ್ತುವಿಕೆ ಕಲ್ಪನೆಯಲ್ಲಿ. ಕಣ್ಣು ಮುಚ್ಚಿ, ಮೈ ಸಡಿಲ ಬಿಟ್ಟು, ನಾನು ಹೇಳಿದ ದೃಶ್ಯವನ್ನು ಕೆಲವೇ ಸೆಕೆಂಡು ಮನಸ್ಸಿನಲ್ಲಿ ತರುವುದು. ಕಸಿವಿಸಿಯಾದರೆ ಬಲಗೈ ತೋರುಬೆರಳು ಎತ್ತುವುದು. ಎತ್ತಿದ ಕೂಡಲೆ ದೃಶ್ಯ ಬಿಟ್ಟು ಮತ್ತೆ ಮೈ ಸಡಿಲಿಸುವುದು, ಮತ್ತೆ ಅದೇ ದೃಶ್ಯ, ಈ ಸಲ ಇನ್ನೂ ಸ್ವಲ್ಪ ಹೆಚ್ಚು ಹೊತ್ತು. ಎರಡು ಸಲ ಸತತವಾಗಿ ಬೆರಳು ಏಳದಿದ್ದರೆ ಮಾತ್ರ ಮೇಲಿನ ಮೆಟ್ಟಿಲು. ದಿನದ ಪಾಠ ಯಾವಾಗಲೂ ಬೆರಳು ಏಳದ ಮೆಟ್ಟಿಲಲ್ಲಿ ಮುಗಿಯಬೇಕು. ಖಾಲಾರ ಬೆರಳು ಮೊದಲ ದಿನ ಎಂಜಿನ್ ಸದ್ದಿಗೇ ಮೂರು ಸಲ ಎದ್ದಿತ್ತು, ಮೂರನೆಯ ದಿನ ಏಳಲಿಲ್ಲ.

ಇಲ್ಲಿಗೆ ಎಲ್ಲ ಸಲೀಸಾಗಿತ್ತು. ತೊಡಕು ಬಂದದ್ದು ಬಸ್ಸಿನಲ್ಲಿ.

ಕಲಬುರಗಿಯಿಂದ ಹುಮನಾಬಾದ್ ಕಡೆ ಹೋಗುವ ಎ.ಸಿ. ಬಸ್ಸು. ದಾರಿಯಲ್ಲಿ ಕಮಲಾಪುರ, ಅವರ ತವರು. ಯಜಮಾನರು ಜೊತೆಗಿದ್ದರು, ನಾನು ಹಿಂದಿನ ಸೀಟಿನಲ್ಲಿದ್ದೆ. ಕಿಟಕಿಯ ಬದಿಗೆ ಖಾಲಾ, ಆಚೆ ಬದಿಯಲ್ಲಿ ಗಂಡ. ಎದ್ದು ಹೊರಗೆ ಬರಬೇಕಾದರೆ ಅವರನ್ನು ದಾಟಿಯೇ ಬರಬೇಕು. ಬಾಗಿಲು ಹಾಕಿದ ಸದ್ದಾಯಿತು. ಊರು ದಾಟುವಷ್ಟರಲ್ಲಿ ಎಂಟಾಣೆಯದು ಹತ್ತಾಣೆಗೆ ಏರಿತು. ತುಟಿ ಒಣಗಿತು, ಬುರ್ಖಾದ ಅಂಚನ್ನು ಹಿಂಡತೊಡಗಿದರು. ಗಂಡನಿಗೆ ನೋಡಲಾಗಲಿಲ್ಲ. ಕಂಡಕ್ಟರನ್ನು ಕರೆದು ಬಸ್ಸು ನಿಲ್ಲಿಸಿದರು, ಇಬ್ಬರೂ ಇಳಿದರು. ಇಳಿದ ಕ್ಷಣಕ್ಕೇ ಖಾಲಾರ ಮುಖದಲ್ಲಿ ನೆಮ್ಮದಿ. ಯಜಮಾನರು ನನ್ನತ್ತ ನೋಡಿ, “ಪಾಪ, ತ್ರಾಸ ಯಾಕ ಕೊಡೂದು ಸಾಹೇಬ್ರ?” ಎಂದರು. ಅವರ ಕಣ್ಣಲ್ಲಿದ್ದದ್ದು ಪ್ರೀತಿಯೇ.

ಮರುದಿನ ಬಸ್ಸಿನ ಮೆಟ್ಟಿಲಿಗೆ ಎಷ್ಟು ಎಂದು ಕೇಳಿದರೆ ಹನ್ನೊಂದಾಣೆ ಎಂದರು. ಎಂಟರಿಂದ ಹನ್ನೊಂದು! ಅಂಜಿಕೆ ತುತ್ತತುದಿಯಲ್ಲಿರುವಾಗ ಓಡಿಬಂದರೆ ಹೀಗೇ ಆಗುತ್ತದೆ. ಇಳಿದಾಗ ಬಂದ ನೆಮ್ಮದಿಯೇ ಮನಸ್ಸಿಗೆ ಪಾಠ ಹೇಳುತ್ತದೆ: ನೋಡು, ಇಳಿದದ್ದಕ್ಕೇ ಉಳಿದೆ. ಇಳಿಯದಿದ್ದರೆ ಏನಾಗುತ್ತಿತ್ತು ಎಂಬುದು ಮಾತ್ರ ಗೊತ್ತಾಗುವುದೇ ಇಲ್ಲ. ಫೋಬಿಯಾ ಹತ್ತಾರು ವರ್ಷ ಬದುಕುವುದು ಈ ಗೊತ್ತಾಗದ ಜಾಗದಲ್ಲಿ. ಅದಕ್ಕೆ ಅನ್ನ ಹಾಕುತ್ತಾ ಬಂದಿರುವವರು ಹೆಚ್ಚಾಗಿ ಮನೆಯ ಪ್ರೀತಿಯ ಜನ. ಈ ಮಾತು ಬರೆಯುವಾಗ ನನಗೆ ನೋವಾಗುತ್ತದೆ, ಆದರೆ ನಿಜ ಅದೇ.

ತಪ್ಪು ನನ್ನದೂ ಇತ್ತು. ಲಿಫ್ಟಿಗೂ ಬಸ್ಸಿಗೂ ನಡುವೆ ಒಂದು ಮೆಟ್ಟಿಲು ಬಿಟ್ಟಿದ್ದೆ, ಯಜಮಾನರಿಗೆ ಅವರ ಕೆಲಸ ಏನೆಂದು ಹೇಳಿರಲಿಲ್ಲ. ನಿಂತ ಬಸ್ಸಿನಲ್ಲಿ, ಬಾಗಿಲು ಹಾಕಿಸಿ, ಸುಮ್ಮನೆ ಕೂರುವುದನ್ನು ನಡುವೆ ಸೇರಿಸಿದೆವು. ಗಂಡನಿಗೆ ಹೇಳಿದ್ದು ಇಷ್ಟೇ: ಏನೂ ಆಗಲ್ಲ ಎನ್ನಬೇಡಿ, ಇಳಿಯೋಣವೇ ಎನ್ನಬೇಡಿ, ಐದು ನಿಮಿಷಕ್ಕೊಮ್ಮೆ ಎಷ್ಟಾಣೆ ಎಂದು ಕೇಳಿ.

ಆ ನಡುವೆಯೇ ಒಂದು ಸಂಜೆ, ಖಾಲಾರ ಮೊಮ್ಮಗನ ಮೊದಲ ರೋಜಾದ ಮಾತು ಬಂತು. ಸಣ್ಣ ಮಕ್ಕಳಿಗೆ ಒಮ್ಮೆಲೇ ಇಡೀ ದಿನದ ಉಪವಾಸ ಹಿಡಿಸುವುದಿಲ್ಲ. ಒಂದು ವರ್ಷ ಮಧ್ಯಾಹ್ನದವರೆಗೆ, ಇನ್ನೊಂದು ವರ್ಷ ಇನ್ನಷ್ಟು ಹೊತ್ತು, ಹೀಗೆ ಮಗು ಗಟ್ಟಿಯಾದ ಮೇಲೆ ಪೂರಾ ದಿನದ ಮೊದಲ ಉಪವಾಸ. ಅವತ್ತು ಸಂಜೆ ಹೂಮಾಲೆ ಹಾಕಿ, ನೆಂಟರನ್ನು ಕರೆದು ರೋಜಾ ಕುಶಾಯಿ ಮಾಡುತ್ತಾರೆ. “ನಾ ಸಣ್ಣಾಕಿದ್ದಾಗ ಮಧ್ಯಾಹ್ನ ಹಸಿವು ಹೆಂಗ ಆಗತಿತ್ತು ಗೊತ್ತಾ? ಹಿಂಗೇ ಏರತಾ ಹೋದರ ಸಂಜಿತನಾ ಸತ್ತೇ ಹೋಗತೀನಿ ಅನಿಸೋದು. ಆದರ ಏರತಾ ಹೋಗೋದಿಲ್ಲರಿ. ಊಟದ ಹೊತ್ತಿಗಿ ಬರತದ, ಉಣಲಿಲ್ಲಾಂದ್ರೂ ತಾನೇ ಹೋಗತದ,” ಎಂದವರು ಮಾತು ನಿಲ್ಲಿಸಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನನ್ನು ನೋಡಿ ಕೇಳಿದರು: “ಅಂಜಿಕಿನೂ ಹಂಗೇ ಏನ್ರಿ?”

ಹಾಗೇ. ಹಸಿವು ಹುಟ್ಟಿಸುವ ರಸ ರೂಢಿಯ ಊಟದ ಹೊತ್ತಿಗೆ ಮೈಯಲ್ಲಿ ಏರಿ, ಉಣ್ಣದಿದ್ದರೂ ಇಳಿಯುತ್ತದೆ. ಅಂಜಿಕೆಯೂ ಒಂದೇ ಸಮನೆ ಏರುತ್ತಾ ಹೋಗಲಾರದು, ಮೈಗೆ ಅದನ್ನು ಹಾಗೆ ಎತ್ತಿ ಹಿಡಿಯುವ ತ್ರಾಣವಿಲ್ಲ. ತುದಿ ಮುಟ್ಟುತ್ತದೆ, ಅಲ್ಲಿ ಸ್ವಲ್ಪ ನಿಲ್ಲುತ್ತದೆ, ಇಳಿಯುತ್ತದೆ. ಆದರೆ ಇಳಿಯುವುದನ್ನು ನೋಡಲು ಅಲ್ಲೇ ಇರಬೇಕು. ಖಾಲಾ ತಮ್ಮ ಜೀವಮಾನದಲ್ಲಿ ಸಾವಿರಕ್ಕೂ ಹೆಚ್ಚು ದಿನ ಹಸಿವಿನ ಇಳಿತ ಕಂಡಿದ್ದರು. ಅಂಜಿಕೆಯ ಇಳಿತವನ್ನು ಒಮ್ಮೆಯೂ ಕಂಡಿರಲಿಲ್ಲ. ಪ್ರತಿ ಸಲವೂ ಏರುವಾಗಲೇ ಎದ್ದುಬಂದಿದ್ದರು.

ಮುಂದಿನ ಸಲ ಅದೇ ಬಸ್ಸು. ಹತ್ತುವಾಗ ಒಂಬತ್ತಾಣೆ, ಊರು ದಾಟಿದಾಗ ಹತ್ತೂವರೆ. ಗಂಡ ಕೇಳುತ್ತಾ ಹೋದರು, ಇವರು ಹೇಳುತ್ತಾ ಹೋದರು. ಹತ್ತೂವರೆ. ಹತ್ತು. ಹತ್ತು. ಎಂಟು. ಕಮಲಾಪುರದ ಕೆಂಪು ಬಾಳೆಹಣ್ಣು ಮಾರುವವರು ಕಿಟಕಿಯಾಚೆ ಕಂಡಾಗ ಐದಾಣೆ ಎಂದರು. ಅಲ್ಲಿ ಇಳಿಯಬಹುದಿತ್ತು, ತವರು. ಇಳಿಯಲಿಲ್ಲ. ಹುಮನಾಬಾದಿನಲ್ಲಿ ಇಳಿದಾಗ ಎರಡಾಣೆ. ಮರುದಿನ ಮತ್ತೆ ಹತ್ತುವಾಗ ಆರು. ಕೂತಷ್ಟು ಹೊತ್ತಿನಲ್ಲಿ ಇಳಿಯುವುದು ಒಂದು ಗುರುತು. ಮರುದಿನ ಶುರುವಾಗುವಾಗಲೇ ಕೆಳಗಿರುವುದು ಅದಕ್ಕಿಂತ ಗಟ್ಟಿಯಾದ ಗುರುತು. ಮೂರು ಸಲ ಮಾಡಿದರೂ ಲೆಕ್ಕ ಅಲ್ಲಾಡದಿದ್ದರೆ ಮೆಟ್ಟಿಲು ದೊಡ್ಡದಾಗಿದೆ, ಇಲ್ಲವೇ ಅಂಜಿಕೆಯ ಹೆಸರನ್ನೇ ತಪ್ಪಾಗಿ ಹಿಡಿದಿದ್ದೇವೆ ಎಂದರ್ಥ. ಒಂದೇ ನಿಮಿಷದಲ್ಲಿ ಸೊನ್ನೆಗೆ ಬಂದರೆ ಅದನ್ನೂ ನಂಬಬಾರದು; ಮೈ ಬಸ್ಸಿನಲ್ಲಿದ್ದು ಮನಸ್ಸು ಎಲ್ಲೋ ಓಡಿಹೋಗಿರುತ್ತದೆ.

ಈ ಓಡಿಹೋಗುವಿಕೆಯ ವಿಷಯದಲ್ಲಿ ಒಂದು ಸೂಕ್ಷ್ಮವಾದ ಮಾತಿತ್ತು. ಖಾಲಾರ ಕೈಯಲ್ಲಿ ಯಾವಾಗಲೂ ತಸಬಿ. ದುವಾ ಓದುವುದನ್ನು ಬಿಡಿ ಎಂದು ನಾನು ಹೇಳಲಾರೆ, ಹೇಳುವುದೂ ತಪ್ಪು. ಆದರೆ ಒಮ್ಮೆ ಕೇಳಿದೆ: “ಮಣಿ ನಿಲ್ಲಿಸಿದರ ಏನಾಗತದ ಅನಸ್ತದ?” “ಎದಿ ನಿಲ್ಲತದ ಅನಸ್ತದ” ಎಂದರು. ಆ ಉತ್ತರ ಅವರಿಗೇ ಸರಿ ಕಾಣಲಿಲ್ಲ. ದೇವರ ನೆನಪಿಗೆ ಓದುವುದು ಬೇರೆ, ಎದೆ ನಿಲ್ಲದಿರಲಿ ಎಂದು ಕೀಲಿ ತಿರುಗಿಸಿದಂತೆ ಓದುವುದು ಬೇರೆ ಎಂದು ಅವರೇ ಹೇಳಿದರು. ಮುಂದೆ ಕೆಲವು ಮೆಟ್ಟಿಲುಗಳಲ್ಲಿ ತಸಬಿಯನ್ನು ಚೀಲದಲ್ಲಿಟ್ಟು ಕೂತರು. ಎದೆ ಬಡಿಯುತ್ತಲೇ ಇತ್ತು. ಅವರ ಪ್ರಾರ್ಥನೆ ಇದರಿಂದ ಕಡಿಮೆಯಾಗಲಿಲ್ಲ. ಅದರ ಮೇಲಿದ್ದ ಬೇರೆ ಹೊರೆ ಇಳಿಯಿತು.

ಗುಳಿಗೆಯ ಮಾತೂ ಬಂತು. ವಿಮಾನ ಹತ್ತುವ ಮುನ್ನ ಒಂದು ಶಾಂತಿಯ ಗುಳಿಗೆ ನುಂಗಿ ಮಲಗಿಬಿಟ್ಟರಾಯಿತು ಎಂದು ನೆಂಟರೊಬ್ಬರ ಸಲಹೆ. ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಅಮೆರಿಕದ ವಿಲ್ಹೆಲ್ಮ್ ಮತ್ತು ರಾತ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿಮಾನದ ಫೋಬಿಯಾ ಇದ್ದ 28 ಮಹಿಳೆಯರು ಒಂದು ವಾರದ ಅಂತರದಲ್ಲಿ ಎರಡು ಸಲ ಹಾರಿದರು. ಮೊದಲ ಸಲ ಅರ್ಧ ಜನಕ್ಕೆ ಅಲ್ಪ್ರಜೋಲಮ್, ಉಳಿದವರಿಗೆ ಔಷಧವಿಲ್ಲದ ಹುಸಿಗುಳಿಗೆ. ಅವತ್ತು ಔಷಧ ನುಂಗಿದವರಿಗೆ ಅಂಜಿಕೆ ಕಡಿಮೆ ಅನ್ನಿಸಿತು. ಮುಂದಿನ ವಾರ ಯಾರಿಗೂ ಏನೂ ಕೊಡದೆ ಹಾರಿಸಿದಾಗ, ಹಿಂದಿನ ಸಲ ಔಷಧ ನುಂಗಿದ್ದವರೇ ಹೆಚ್ಚು ಗಾಬರಿಗೊಂಡರು. ಅಂಜಿಕೆಯ ಇಳಿತವನ್ನು ಅವರು ಕಂಡಿರಲಿಲ್ಲ, ಗುಳಿಗೆ ಕಂಡಿತ್ತು.

ಇನ್ನು ವೋಲ್ಪೆಯವರ ಮೂಲ ವಾದಕ್ಕೆ ಬರುತ್ತೇನೆ. ಸಡಿಲವಾದ ಮೈಯೇ ಭಯವನ್ನು ಓಡಿಸುತ್ತದೆ ಎಂದರು ಅವರು. ಮುಂದಿನ ಸಂಶೋಧಕರು ಚಿಕಿತ್ಸೆಯನ್ನು ಬಿಡಿಬಿಡಿಯಾಗಿ ಬಿಚ್ಚಿ ನೋಡಿದರು. ಸಡಿಲಿಸುವ ಪಾಠವನ್ನು ತೆಗೆದರೂ ಚಿಕಿತ್ಸೆ ಬಹುಮಟ್ಟಿಗೆ ಫಲ ಕೊಡುತ್ತದೆ, ಅಂಜಿಕೆಯ ಎದುರು ಸಾಕಷ್ಟು ಹೊತ್ತು ಇರುವುದನ್ನು ತೆಗೆದರೆ ಕೊಡುವುದಿಲ್ಲ ಎಂದು ಕಂಡಿತು. ನನ್ನ ಅನುಭವವೂ ಅದೇ. ಸಡಿಲಿಸುವುದು ಮೆಟ್ಟಿಲ ಪಕ್ಕದ ಕಟಾಂಜನದ ಹಾಗೆ, ಹತ್ತಲು ಧೈರ್ಯ ಕೊಡುತ್ತದೆ. ಹತ್ತುವುದು ಕಾಲೇ. ರಕ್ತ ಅಥವಾ ಸೂಜಿ ಕಂಡರೆ ಮೂರ್ಛೆ ಹೋಗುವವರಿಗಂತೂ ಸಡಿಲಿಸುವುದು ತಿರುಗುಬಾಣವಾಗಬಹುದು. ಅವರ ರಕ್ತದೊತ್ತಡ ಆ ಹೊತ್ತಿಗೆ ಕುಸಿಯುತ್ತದೆ; ಅವರಿಗೆ ಕಲಿಸಬೇಕಾದದ್ದು ಕೈಕಾಲು ಬಿಗಿ ಹಿಡಿದು ಒತ್ತಡ ಏರಿಸುವುದನ್ನು. ಎಲ್ಲ ಅಂಜಿಕೆಗೂ ಒಂದೇ ಕೀಲಿ ಇಲ್ಲ.

ಹಾಗಾದರೆ ಅಂಜಿಕೆ ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡಿದೆ. ‘ಡಿಸೆನ್ಸಿಟೈಸೇಷನ್’ ಎಂಬ ಹೆಸರು ಕೇಳಿದರೆ ಸಂವೇದನೆಯನ್ನು ಕೊಲ್ಲುವುದು, ಮರಗಟ್ಟಿಸುವುದು ಎನ್ನಿಸುತ್ತದೆ. ನಾನು ಕಂಡದ್ದು ಹಾಗಲ್ಲ. ಮರಗಟ್ಟಿದ್ದವರು ಮೊದಲಿನ ಖಾಲಾ. ಬಸ್ಸಿನಲ್ಲಿ ಅವರಿಗೆ ಎದೆಬಡಿತ ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಅಂಜಿಕೆ ಇಳಿದ ಮೇಲೆ ಹೊಲ ಕಂಡಿತು, ಕೆಂಪು ಮಣ್ಣು ಕಂಡಿತು, ಪಕ್ಕದ ಸೀಟಿನ ಕೂಸು ಕಂಡಿತು. ನಮ್ಮಲ್ಲಿ ಇದಕ್ಕೆ ಒಳ್ಳೆಯ ಮಾತಿದೆ, ಪಳಗುವುದು. ಪಳಗಿದ ಎತ್ತು ಸತ್ತಿರುವುದಿಲ್ಲ, ಅದರ ಕಸುವೂ ಹೋಗಿರುವುದಿಲ್ಲ.

ವಿಜ್ಞಾನವೂ ಈ ಮಾತಿನ ಹತ್ತಿರ ಬಂದಿದೆ. ಹಳೆಯ ಅಂಜಿಕೆಯ ನೆನಪು ಅಳಿಸಿಹೋಗುವುದಿಲ್ಲ, ಅದರ ಪಕ್ಕದಲ್ಲಿ ಹೊಸದೊಂದು ನೆನಪು ಬಂದು ಕೂರುತ್ತದೆ ಎನ್ನುತ್ತಾರೆ. ಪಾವ್ಲೋವ್ ತನ್ನ ನಾಯಿಗಳಲ್ಲೇ ಇದನ್ನು ಕಂಡಿದ್ದ: ಆರಿಹೋಯಿತು ಎಂದುಕೊಂಡ ಪ್ರತಿಕ್ರಿಯೆ ಸ್ವಲ್ಪ ಬಿಡುವು ಕೊಟ್ಟರೆ ಮತ್ತೆ ತಲೆಯೆತ್ತುತ್ತದೆ. ಇನ್ನೂ ಒಂದು ವಿಷಯವಿದೆ. ಹೊಸ ನೆನಪಿಗೆ ಜಾಗದ ಋಣ ಹೆಚ್ಚು. ಕಲಬುರಗಿಯ ಬಸ್ಸಿನಲ್ಲಿ ಕಲಿತದ್ದು ಹೈದರಾಬಾದಿನ ವಿಮಾನದಲ್ಲಿ ತಾನಾಗಿ ನೆನಪಾಗಬೇಕೆಂದಿಲ್ಲ. ಹಳೆಯ ಅಂಜಿಕೆಯಾದರೋ ಎಲ್ಲ ಊರಿಗೂ ಟಿಕೆಟ್ ಇಲ್ಲದೆ ಬರುತ್ತದೆ. ಆದ್ದರಿಂದಲೇ ಒಂದೇ ಲಿಫ್ಟು, ಒಂದೇ ಬಸ್ಸು ಸಾಲದು. ಬೇರೆ ಬೇರೆ ಜಾಗ, ಬೇರೆ ಬೇರೆ ಹೊತ್ತು, ಗಂಡನ ಜೊತೆ, ಗಂಡನಿಲ್ಲದೆ, ಹೀಗೆ ಹಲವು ಕಡೆ ಪಾಠ ಆಗಬೇಕು.

ಖಾಲಾರ ಏಣಿಯ ಮೇಲಿನ ಮೆಟ್ಟಿಲುಗಳಿಗೆ ನಮ್ಮ ಊರು ಸಾಲಲಿಲ್ಲ. ದಿನವೂ ಹತ್ತಾರು ವಿಮಾನ ಏಳುವ ಇಳಿಯುವ ಸದ್ದು ಬೇಕಿತ್ತು. ಅದಕ್ಕೆ ಹೈದರಾಬಾದಿನ ಶಂಷಾಬಾದಿಗೆ ಎರಡು ಸಲ ಹೋಗಿ ಹೊರಗೆ ಒಂದೊಂದು ಗಂಟೆ ನಿಂತರು. ಮನೆಯ ಕುರ್ಚಿ, ಬೆಲ್ಟು, ಹೆಡ್‌ಫೋನಿನ ಪಾಠ ಒಂಬತ್ತು ಸಲ ನಡೆಯಿತು. ಇಂಥ ಮೆಟ್ಟಿಲುಗಳಿಗೆ ಈಗ ಕಣ್ಣಿಗೆ ಕಟ್ಟುವ ವರ್ಚುವಲ್ ರಿಯಾಲಿಟಿ ಕನ್ನಡಕಗಳೂ ಬಂದಿವೆ. ಬಾರ್ಬರಾ ರಾಥ್‌ಬಾಮ್ ಮತ್ತು ಸಂಗಡಿಗರು 2000ದಲ್ಲಿ ಪರೀಕ್ಷಿಸಿದಾಗ ಅವು ನಿಜವಾದ ನಿಲ್ದಾಣಕ್ಕೆ ಕರೆದೊಯ್ದು ಮಾಡುವ ಚಿಕಿತ್ಸೆಯಷ್ಟೇ ಫಲ ಕೊಟ್ಟವು. ರೋಜಾದ ಮನೆಯಲ್ಲಿ ಮರದ ಕುರ್ಚಿ ಇತ್ತು, ಅದೂ ಸಾಕಾಯಿತು.

ಹಜ್ ಹೊರಡಲು ತಿಂಗಳಿರುವಾಗ ಹೈದರಾಬಾದಿನಿಂದ ಬೆಂಗಳೂರಿಗೆ ಒಂದು ತಾಲೀಮು ಹಾರಾಟ, ಒಂದು ಗಂಟೆಯ ಆಸುಪಾಸು. ಒಂದು ವಿಷಯವನ್ನು ಮೊದಲೇ ಬಿಡಿಸಿ ಹೇಳಿದ್ದೆ. ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ ಎಂಜಿನ್ ಸದ್ದು ತಟ್ಟನೆ ತಗ್ಗುತ್ತದೆ, ವಿಮಾನ ಕುಸಿದಂತೆ ಹೊಟ್ಟೆಯಲ್ಲಿ ಅನ್ನಿಸುತ್ತದೆ. ಅದು ಕುಸಿತವಲ್ಲ, ಏಳಲು ಬೇಕಿದ್ದ ಪೂರಾ ಬಲವನ್ನು ಪೈಲಟ್ ಏರುವುದಕ್ಕೆ ಬೇಕಾದಷ್ಟಕ್ಕೆ ಇಳಿಸುತ್ತಾರೆ. ಕಾಲಡಿಯಲ್ಲಿ ಧಡ್ ಎನ್ನುವುದು ಚಕ್ರ ಮಡಚಿಕೊಂಡ ಸದ್ದು. ಖಾಲಾ ಆ ಸದ್ದಿಗೇ ಕಾದು ಕೂತಿದ್ದರಂತೆ. ಬಾಗಿಲು ಹಾಕಿದಾಗ ಹದಿಮೂರಾಣೆ, ಎದ್ದಾಗ ಹದಿಮೂರು, ಚಹಾ ತಂದಾಗ ಏಳು, ಇಳಿಯುವಾಗ ಮತ್ತೆ ಎಂಟು. “ಸೊನ್ನೆ ಆಗಲಿಲ್ಲ” ಎಂದು ಸ್ವಲ್ಪ ಬೇಸರದಲ್ಲೇ ಹೇಳಿದರು. ಸೊನ್ನೆಯಾಗಬೇಕಿಲ್ಲ ಎಂದೆ. ರೋಜಾ ಹಿಡಿದವರಿಗೂ ಹಸಿವಾಗುತ್ತದೆ.

ಜಿದ್ದಾಕ್ಕೆ ಹೋಗುವಾಗ ಬಾಗಿಲಿಗೆ ಒಂಬತ್ತಾಣೆ, ಸಮುದ್ರದ ಮೇಲೆ ನಾಲ್ಕು. ಬರುವಾಗ ಆರು. ವಾಪಸು ಬಂದ ಮೇಲೆ ಎರಡು ತಿಂಗಳಿಗೊಮ್ಮೆ ಎ.ಸಿ. ಬಸ್ಸಿನಲ್ಲಿ, ಕಿಟಕಿಯ ಬದಿ ಕೂತು, ಕಮಲಾಪುರಕ್ಕೆ ಹೋಗಿಬರುತ್ತಾರೆ. ಪಾಠ ಮಾಸದಿರಲಿ ಎಂದು.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಪ್ರಯಾಣಕ್ಕೆ ಮೂರು ತಿಂಗಳು ಮೊದಲೇ ಶುರುಮಾಡಿ, ಹಿಂದಿನ ವಾರ ಅಲ್ಲ. ಯಾರನ್ನು ಕೇಳಬೇಕೆಂದು ತಿಳಿಯದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಹಣ ಕೊಡಬೇಕಿಲ್ಲ. ಮುಚ್ಚಿದ ಬಾಗಿಲಿನ ಒಳಗೆ ಅವರು ನಡುಗುತ್ತಿದ್ದರೆ ದಯವಿಟ್ಟು ಕೈ ಹಿಡಿದು ಹೊರಗೆ ಕರೆತರಬೇಡಿ. ಪಕ್ಕದಲ್ಲಿ ಕೂತು, ಈಗ ಎಷ್ಟಾಣೆ ಎಂದು ಕೇಳಿ.